ಡೆಂಗ್ಯೂ ಜ್ವರ ಬಿಟ್ಟ ಮೇಲೆ ಮನೆಯಿಂದ ಕೆಲಸ: ಮ್ಯಾನೇಜರಿಗೆ ಮೆಸೇಜು ಬರೆಯುವ ಬಗೆ

ಮಳೆಗಾಲ ಶುರುವಾದರೆ ಸಾಕು, ಬೆಂಗಳೂರಿನ ಆಫೀಸುಗಳಲ್ಲಿ ಒಂದೇ ಥರದ ಮೆಸೇಜು ಓಡಾಡುತ್ತದೆ:

"ಸರ್, ಡೆಂಗ್ಯೂ ಆಗಿತ್ತು. ಇವತ್ತು ಜ್ವರ ಬಿಟ್ಟಿದೆ. ಆಫೀಸಿಗೆ ಬರಕ್ಕಾಗಲ್ಲ, ಮನೆಯಿಂದಲೇ ಕೆಲಸ ಮಾಡ್ತೀನಿ. ಆನ್‌ಲೈನ್ ಇರ್ತೀನಿ."

ನಾನೂ ಒಂದು ಚಿಕ್ಕ ಟೀಮ್ ನೋಡಿಕೊಳ್ಳುವವನು. ಇಂಥ ಮೆಸೇಜು ನನಗೂ ಬರುತ್ತದೆ. ಓದಿದರೆ ಪಾಪ ಅನಿಸುತ್ತದೆ, ಆದರೆ ನನಗೆ ಬೇಕಾದ ಒಂದು ವಿಷಯವೂ ಅದರಲ್ಲಿ ಇರುವುದಿಲ್ಲ. ಎಷ್ಟು ಹೊತ್ತು ಕೂರುತ್ತಾರೆ? ಯಾವ ಕೆಲಸ ಮುಗಿಸುತ್ತಾರೆ? ಯಾವುದನ್ನು ಬೇರೆಯವರಿಗೆ ಕೊಡಲಿ? ಇದು ಎಷ್ಟು ದಿನ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹೀಗಿದ್ದಾಗ ಯಾವ ಮ್ಯಾನೇಜರ್ ಆದರೂ 'ಪೂರ್ತಿ ದಿನ ಇರ್ತಾರೆ' ಅಂತಲೇ ಲೆಕ್ಕ ಹಾಕುತ್ತಾರೆ. ಹನ್ನೊಂದು ಗಂಟೆಗೆ ಎರಡು ಕಾಲ್ ಇಡುತ್ತಾರೆ, ಮಧ್ಯಾಹ್ನ ಒಂದು ಫೈಲ್ ಕೇಳುತ್ತಾರೆ. ಸಂಜೆ ಹೊತ್ತಿಗೆ ಆ ಮನುಷ್ಯ ಫೋನ್ ಎತ್ತಲ್ಲ. ಮಾರನೇ ದಿನ ಮತ್ತೆ ರಜೆ. ಇಬ್ಬರಿಗೂ ಬೇಜಾರು.

ಈ ಬರಹ ಆ ಒಂದು ಮೆಸೇಜಿನ ಬಗ್ಗೆ. ಕಾಯಿಲೆಗಳಲ್ಲಿ ಡೆಂಗ್ಯೂವನ್ನೇ ಆರಿಸಿಕೊಂಡಿದ್ದೇನೆ. ಈ ಊರಿಗೆ ಅದು ಹೊಸದಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಇನ್ನೊಂದು ಕಾರಣವೂ ಇದೆ. ಕೆಲಸಕ್ಕೆ ಮರಳುವ ದಿನ ಲೆಕ್ಕ ಹಾಕುವಾಗ ಡೆಂಗ್ಯೂ ಮೋಸ ಮಾಡುವಷ್ಟು ಮಾಮೂಲಿ ನೆಗಡಿ, ಜ್ವರ ಮಾಡುವುದಿಲ್ಲ.

ಮೊದಲ ಹೆಜ್ಜೆ: ಇದು ರಜೆಯ ದಿನವೋ, ಕೆಲಸದ ದಿನವೋ?

ಮಾಮೂಲಿ ಜ್ವರದಲ್ಲಿ ಮೈ ತಣ್ಣಗಾದರೆ ಅರ್ಧ ಗೆದ್ದ ಹಾಗೆ. ಡೆಂಗ್ಯೂದಲ್ಲಿ ಹಾಗಲ್ಲ. ಜ್ವರ ಸಾಮಾನ್ಯವಾಗಿ ಎರಡರಿಂದ ಏಳು ದಿನ ಇರುತ್ತದೆ. ಅದು ಇಳಿಯುವ ಹೊತ್ತಿಗೇ, ಅಂದರೆ ಹೆಚ್ಚಾಗಿ ಮೂರರಿಂದ ಏಳನೇ ದಿನದ ನಡುವೆ, ಕಾಯಿಲೆಯ ನಾಜೂಕಿನ ಘಟ್ಟ ಬರುತ್ತದೆ. ಒಂದು ದಿನ, ಎರಡು ದಿನ ಇರುತ್ತದೆ. ಕೆಲವರಲ್ಲಿ ಆಗ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ, ಬಿಪಿ ಬೀಳುತ್ತದೆ, ಪ್ಲೇಟ್‌ಲೆಟ್ ಕೂಡ ತಳ ಮುಟ್ಟುತ್ತದೆ. ಬಹುಪಾಲು ಜನರಿಗೆ ಏನೂ ಆಗದೆ ದಾಟಿಹೋಗುತ್ತದೆ ನಿಜ. ಆದರೆ ಯಾರಿಗೆ ಆಗುತ್ತದೆ ಅಂತ ಆ ಬೆಳಿಗ್ಗೆ ಮನೆಯಲ್ಲಿ ಕೂತು ಹೇಳಲಾಗದು.

ಮೇಲಿನ ಮೆಸೇಜು ಹೋಗುವುದು ಸರಿಯಾಗಿ ಅದೇ ಬೆಳಿಗ್ಗೆ. ಥರ್ಮಾಮೀಟರ್ 98 ತೋರಿಸುತ್ತದೆ, ಮನಸ್ಸಿಗೆ ಹಗುರ ಅನಿಸುತ್ತದೆ, ಐದು ದಿನ ರಜೆ ಆಯ್ತಲ್ಲ ಅನ್ನೋ ಮುಜುಗರ ಬೇರೆ. ಲ್ಯಾಪ್‌ಟಾಪ್ ತೆಗೆಯುತ್ತಾರೆ.

ನನ್ನ ನಿಯಮ ಇಷ್ಟು: ಪ್ಯಾರಾಸಿಟಮಾಲ್ ಮಾತ್ರೆ ನುಂಗದೆಯೂ ಜ್ವರ ಬರದೆ ಪೂರ್ತಿ 48 ಗಂಟೆ ಆಗುವವರೆಗೆ ರಜೆ. ಆಮೇಲೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಬೇಕು. ಅವರು ಸರಿ ಅಂದ ಮೇಲೆ ಮಾತ್ರ ಮನೆಯಿಂದ ಕೆಲಸದ ಮಾತು. ಮಾತ್ರೆ ನುಂಗಿ ತಣ್ಣಗಾದ ಮೈಯನ್ನು ಲೆಕ್ಕಕ್ಕೆ ತಗೋಬೇಡಿ, ಅದು ನಾಲ್ಕಾರು ಗಂಟೆಯ ಮಾತು.

ಈ ಕಾಯುವ ದಿನಗಳಲ್ಲಿ ತಡೆಯಲಾಗದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಿಂದಲೋ ಮೂಗಿನಿಂದಲೋ ರಕ್ತ, ಕಪ್ಪು ಮಲ, ಎದ್ದು ನಿಂತರೆ ಕಣ್ಣು ಕತ್ತಲೆ, ವಿಪರೀತ ಮಂಪರು ಅಥವಾ ಚಡಪಡಿಕೆ, ಇವುಗಳಲ್ಲಿ ಒಂದು ಕಂಡರೂ ಮೆಸೇಜು ಬರೆಯುತ್ತಾ ಕೂರುವ ಹೊತ್ತಲ್ಲ. ಆಸ್ಪತ್ರೆಗೆ ಹೊರಡಿ. ಆಫೀಸಿಗೆ ಮನೆಯವರು ಫೋನ್ ಮಾಡಿದರೆ ಆಯ್ತು.

ಇನ್ನು ರಜೆಯ ವಿಷಯ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಕಾಯಿಲೆಗೆ ಅಂತ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆ ಇದೆ. ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳೂ ಈ ಕಾಯ್ದೆಗೇ ಬರುತ್ತವೆ. ಅಂದರೆ ಕಾಯಿಲೆ ರಜೆ ನಿಮ್ಮ ಹಕ್ಕು. ಮನೆಯಿಂದ ಕೆಲಸ ಮಾಡುವುದು ಹಾಗಲ್ಲ, ಅದು ಕಂಪನಿಯ ಪಾಲಿಸಿಗೂ ಮ್ಯಾನೇಜರ ಒಪ್ಪಿಗೆಗೂ ಬಿಟ್ಟದ್ದು. ಮೆಸೇಜಿನ ದನಿಯಲ್ಲೂ ಈ ವ್ಯತ್ಯಾಸ ಕಾಣಬೇಕು. ರಜೆಯನ್ನು ತಿಳಿಸಿ. ಮನೆಯಿಂದ ಕೆಲಸವನ್ನು ಕೇಳಿ. ನಮ್ಮ ಜನ ಹೆಚ್ಚಾಗಿ ಉಲ್ಟಾ ಮಾಡುತ್ತಾರೆ: ರಜೆಗೆ 'ದಯವಿಟ್ಟು, ಸಾರಿ' ಅಂತ ಅಂಗಲಾಚುತ್ತಾರೆ, ಮನೆಯಿಂದ ಕೆಲಸವನ್ನು 'ಮಾಡ್ತೀನಿ' ಅಂತ ತಾವೇ ತೀರ್ಮಾನಿಸಿ ಹೇಳುತ್ತಾರೆ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇರುವವರಿಗೆ ಒಂದು ಎಚ್ಚರಿಕೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇದರಡಿ ಬರುತ್ತಾರೆ. ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟ ದಿನಗಳಿಗೆ, ಸಾಮಾನ್ಯವಾಗಿ ಮೊದಲ ಎರಡು ದಿನ ಬಿಟ್ಟು, ಸಂಬಳದ 70 ಪರ್ಸೆಂಟ್ ಲೆಕ್ಕದಲ್ಲಿ ಹಣ ಸಿಗುತ್ತದೆ. ಆದರೆ ಕೆಲಸ ಮಾಡಿದ ದಿನಕ್ಕೆ ಆ ಹಣ ಇಲ್ಲ. ಹಾಗಾಗಿ ಸರ್ಟಿಫಿಕೇಟಿನಲ್ಲಿ ಇರುವ ದಿನಗಳಲ್ಲಿ 'ಸುಮ್ನೆ ಎರಡು ಮೇಲ್ ನೋಡಿದೆ' ಅಂತಲೂ ಕೂರಬೇಡಿ. ಡಾಕ್ಟರ್ ಫಿಟ್ನೆಸ್ ಸರ್ಟಿಫಿಕೇಟ್ ಕೊಟ್ಟ ಮೇಲೆ ಶುರು ಮಾಡಿ.

ಎರಡನೇ ಹೆಜ್ಜೆ: ಎಷ್ಟು ಹೊತ್ತು ಕೂರಬಲ್ಲಿರಿ ಅಂತ ಪರೀಕ್ಷೆ ಮಾಡಿ

ಡೆಂಗ್ಯೂ ಬಿಟ್ಟ ಮೇಲಿನ ಸುಸ್ತು ವಿಚಿತ್ರ. ಮಲಗಿದ್ದಾಗ ಎಲ್ಲ ಸರಿ ಇದೆ ಅನಿಸುತ್ತದೆ. ಅರ್ಧ ಗಂಟೆ ನೆಟ್ಟಗೆ ಕೂತರೆ ಬೆನ್ನು ಸೋಲುತ್ತದೆ, ಕಣ್ಣಿನ ಹಿಂದೆ ಭಾರ ಬರುತ್ತದೆ, ಓದಿದ ಸಾಲನ್ನೇ ಮತ್ತೆ ಓದುತ್ತಿರುತ್ತೀರಿ. ಕೆಲವರಿಗೆ ಇದೇ ಹೊತ್ತಿಗೆ ಕೈಕಾಲಿನಲ್ಲಿ ಕೆಂಪು ಗಂಧೆ ಎದ್ದು, ರಾತ್ರಿಯೆಲ್ಲ ತುರಿಕೆಯಿಂದ ನಿದ್ದೆ ಇರುವುದಿಲ್ಲ. ಈ ಸುಸ್ತು ಕೆಲವರಲ್ಲಿ ವಾರಗಟ್ಟಲೆ ಎಳೆಯುತ್ತದೆ.

ಆದ್ದರಿಂದ ಮಲಗಿಕೊಂಡು ಮಾತು ಕೊಡಬೇಡಿ. ಕೆಲಸ ಶುರು ಮಾಡಬೇಕಾದ ಹಿಂದಿನ ದಿನ, ಬೆಳಿಗ್ಗೆ ತಿಂಡಿ ತಿಂದು ಒಂದು ಗಂಟೆಯ ಮೇಲೆ, ಟೇಬಲ್ ಮುಂದೆ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪ್ ತೆಗೆಯಿರಿ. ಬಂದಿರುವ ಮೇಲ್‌ಗಳನ್ನು ಓದಿ. ಉತ್ತರ ಬರೆಯಬೇಡಿ, ಬರೆದರೆ ಎದುರಿನವರು ನೀವು ಬಂದುಬಿಟ್ಟಿರಿ ಅಂದುಕೊಳ್ಳುತ್ತಾರೆ. ಎಷ್ಟು ಹೊತ್ತಿಗೆ 'ಇನ್ನು ಸಾಕು' ಅನಿಸಿತು ಅಂತ ಗಡಿಯಾರ ನೋಡಿಕೊಳ್ಳಿ. ಅದು ನಿಮ್ಮ ಒಂದು ಸರದಿಯ ಉದ್ದ. ಒಂದೂವರೆ ಗಂಟೆ ಆಗಿದ್ದರೆ, ಮಧ್ಯೆ ಹತ್ತು ನಿಮಿಷ ಕಾಲು ಚಾಚಿ ಎರಡು ಗಂಟೆಗೆ ಎಳೆಯಬಹುದು. ಅರ್ಧ ಗಂಟೆಗೇ ಸಾಕಾಗಿದ್ದರೆ ಇನ್ನೂ ಎರಡು ದಿನ ರಜೆ ಹಾಕಿ. ಅದರಲ್ಲಿ ಚೌಕಾಸಿ ಬೇಡ.

ಈಗ ಮುಖ್ಯ ಲೆಕ್ಕ. ದಿನಕ್ಕೆ ಎರಡು ಸರದಿ ಕೂರುತ್ತೀರಿ ಅಂದುಕೊಳ್ಳೋಣ, ಒಟ್ಟು ನಾಲ್ಕು ಗಂಟೆ. ಆದರೆ ನಾಲ್ಕು ಗಂಟೆಯಲ್ಲಿ ಮುಗಿಯುವ ಕೆಲಸ ಒಪ್ಪಿಕೊಳ್ಳಬೇಡಿ. ಆರೋಗ್ಯವಾಗಿದ್ದಾಗ ಎರಡೂವರೆ ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸ ಒಪ್ಪಿಕೊಳ್ಳಿ. ನಿಧಾನ ಆಗೋದು, ತಪ್ಪಾಗಿ ಮತ್ತೆ ನೋಡೋದು, ನೀರು ಕುಡಿದು ಕುಡಿದು ಬಾತ್‌ರೂಮಿಗೆ ಎದ್ದು ಹೋಗೋದು, ಎಲ್ಲ ಆ ನಾಲ್ಕು ಗಂಟೆಯಲ್ಲೇ ಹಿಡಿಸಬೇಕು.

ಇನ್ನೊಂದು ಮಾತು ಹೇಳಲೇಬೇಕು. ಬೆಂಗಳೂರಿನಲ್ಲಿ ಡೆಂಗ್ಯೂ ಅಂದ ಕೂಡಲೇ ಎಲ್ಲರೂ ಕೇಳೋದು 'ಕೌಂಟ್ ಎಷ್ಟು?' ಅಂತ, ಅಂದರೆ ಪ್ಲೇಟ್‌ಲೆಟ್ ಎಷ್ಟಿದೆ ಅಂತ. ಮ್ಯಾನೇಜರೂ ಕೇಳುತ್ತಾರೆ, ಮೇಲಿನ ಮನೆ ಆಂಟಿಯೂ ಕೇಳುತ್ತಾರೆ, ಜೊತೆಗೆ ಪಪ್ಪಾಯಿ ಎಲೆ ರಸದ ಸಲಹೆ ಬಿಟ್ಟಿ. ಕೆಲಸದ ಮೆಸೇಜಿನಲ್ಲಿ ಈ ಕೌಂಟನ್ನು ತರಬೇಡಿ ಅನ್ನೋದು ನನ್ನ ಅಭಿಪ್ರಾಯ. 'ಕೌಂಟ್ ಒಂದೂವರೆ ಲಕ್ಷ ದಾಟಿದೆ' ಅಂತ ಬರೆದರೆ ಓದಿದವರಿಗೆ ನೀವು ಪೂರ್ತಿ ಗುಣವಾದಿರಿ ಅನಿಸುತ್ತದೆ. ರಿಪೋರ್ಟಿನಲ್ಲಿ ಅದು ಮಾಮೂಲಿ ಮಟ್ಟವೇ. ಆದರೆ ಪ್ಲೇಟ್‌ಲೆಟ್ ಮೇಲೆ ಬರೋದಕ್ಕೂ ಮೈಯಲ್ಲಿ ಶಕ್ತಿ ಬರೋದಕ್ಕೂ ಒಂದೇ ಲೆಕ್ಕ ಇಲ್ಲ. ಕೌಂಟ್ ಸರಿಯಾಗಿ ಹತ್ತು ದಿನ ಆದರೂ ಮಹಡಿ ಹತ್ತಿದರೆ ಏದುಸಿರು ಬಿಡುವವರಿದ್ದಾರೆ. ಕೇಳಿದರೆ 'ಡಾಕ್ಟರ್ ನೋಡ್ತಿದ್ದಾರೆ, ಏರುತ್ತಿದೆ' ಅಂದರೆ ಸಾಕು.

ಮೂರನೇ ಹೆಜ್ಜೆ: ಕೆಲಸವನ್ನು ಆರಿಸಿ

ಇಲ್ಲಿಂದ ಒಂದು ಉದಾಹರಣೆ ಹಿಡಿದು ಹೋಗೋಣ. ರಮ್ಯಾ ಅಂತ ಹೆಸರಿಟ್ಟುಕೊಳ್ಳಿ. ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡ್ ಕಡೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಶನಿವಾರ ರಾತ್ರಿ ಜ್ವರ ಬಂತು. ಸೋಮವಾರ ಡೆಂಗ್ಯೂ ಪತ್ತೆ ಹಚ್ಚುವ ಎನ್‌ಎಸ್1 ಟೆಸ್ಟ್ ಪಾಸಿಟಿವ್ ಬಂತು. ಆ ವಾರವೆಲ್ಲ ರಜೆ. ಗುರುವಾರ ಬೆಳಿಗ್ಗೆ ಜ್ವರ ಬಿಟ್ಟಿತು. ಹಾಗಾದರೆ 48 ಗಂಟೆ ಮುಗಿಯೋದು ಶನಿವಾರ ಬೆಳಿಗ್ಗೆ. ಅವತ್ತು ಡಾಕ್ಟರ್ ನೋಡಿ ಮನೆಯಲ್ಲೇ ಸ್ವಲ್ಪ ಸ್ವಲ್ಪ ಕೆಲಸ ಮಾಡಬಹುದು ಅಂದರು. ಬುಧವಾರ ಮತ್ತೆ ಬ್ಲಡ್ ಟೆಸ್ಟ್ ಮಾಡಿಸಿಕೊಂಡು ಬರಬೇಕು. ಭಾನುವಾರ ಬೆಳಿಗ್ಗೆ ಕೂತು ನೋಡಿದಾಗ ಒಂದೂವರೆ ಗಂಟೆಗೆ ತಲೆ ಭಾರವಾಯಿತು.

ರಮ್ಯಾಳ ಮುಂದೆ ಮೂರು ಕೆಲಸ ಇವೆ. ಇನ್‌ವಾಯ್ಸ್ ಪೇಜಿಗೆ ಟೆಸ್ಟ್ ಕೇಸ್ ಬರೆಯೋದು. ದಿನಾ ಬೆಳಿಗ್ಗೆ ಸ್ಟ್ಯಾಂಡಪ್ ಕಾಲ್, ಅದರ ಜೊತೆಗೆ ಕ್ಲೈಂಟ್ ಕಾಲ್. ಗುರುವಾರ ರಾತ್ರಿಯ ರಿಲೀಸಿನಲ್ಲಿ ಕೂತು ಪರೀಕ್ಷೆ ಮಾಡೋದು.

ಚೇತರಿಕೆ ದಿನಗಳಿಗೆ ಹೊಂದುವ ಕೆಲಸಕ್ಕೆ ಒಂದು ಗುಣ ಇರುತ್ತದೆ: ಮಧ್ಯದಲ್ಲಿ ಬಿಟ್ಟು ಮಲಗಿದರೂ ಯಾರಿಗೂ ತೊಂದರೆ ಆಗಲ್ಲ. ಟೆಸ್ಟ್ ಕೇಸ್ ಬರೆಯೋದು ಹಾಗೆ. ಕಾಲ್ ಹಾಗಲ್ಲ. ಮಾತಾಡೋದು ಸುಲಭ, ಹದಿನೈದು ನಿಮಿಷ ತಾನೇ ಅನಿಸುತ್ತದೆ. ಆದರೆ ಹೇಳಿದ ಹೊತ್ತಿಗೆ ಸರಿಯಾಗಿ ಎದ್ದು ಕೂರಬೇಕು, ನಾಲ್ಕು ಜನರ ಮಾತು ಹಿಡಿಯಬೇಕು. ಹದಿನೈದು ನಿಮಿಷದ್ದು ನಲವತ್ತೈದು ಆಗೋದು ಎಲ್ಲರಿಗೂ ಗೊತ್ತಿದ್ದದ್ದೇ. ರಾತ್ರಿ ರಿಲೀಸಂತೂ ಮಾತೇ ಬೇಡ. ಒಂದು ರಾತ್ರಿ ನಿದ್ದೆ ಕೆಟ್ಟರೆ ಎರಡು ದಿನ ಹಿಂದಕ್ಕೆ ಹೋಗುತ್ತೀರಿ.

ಬಿಟ್ಟ ಕೆಲಸವನ್ನು ಯಾರಿಗೆ ಕೊಡಬಹುದು ಅಂತ ಸೂಚಿಸಿ. ಅದಕ್ಕೂ ಮೊದಲು ಆ ವ್ಯಕ್ತಿಯನ್ನು ಕೇಳಿ. ರಮ್ಯಾ ಭಾನುವಾರ ಮಧ್ಯಾಹ್ನ ಜೊತೆಯ ಕಿರಣ್‌ಗೆ ಫೋನ್ ಮಾಡಿ 'ರಿಲೀಸ್ ನೋಡ್ಕೋತೀಯಾ?' ಅಂತ ಕೇಳಿದಳು. ಮ್ಯಾನೇಜರ್ ಒಪ್ಪಿದರೆ ಸರಿ ಅಂದ. ಕೇಳದೆ ಹೆಸರು ಬರೆದರೆ ನೀವು ವಾಪಸ್ ಹೋಗುವ ಹೊತ್ತಿಗೆ ಮುಖ ಗಂಟು ಹಾಕಿಕೊಂಡ ಒಬ್ಬ ಕಾಯುತ್ತಿರುತ್ತಾನೆ.

ನಾಲ್ಕನೇ ಹೆಜ್ಜೆ: ಬರೆಯಿರಿ

ಶುಕ್ರವಾರ ಮಧ್ಯಾಹ್ನವೇ ಒಂದು ಚಿಕ್ಕ ಮೆಸೇಜು ಹೋಗಿರಬೇಕು. ಏಕೆಂದರೆ ಮುಂದಿನ ವಾರದ ಕೆಲಸ ಹಂಚುವ ಯೋಚನೆ ಮ್ಯಾನೇಜರ ತಲೆಯಲ್ಲಿ ಆಗಲೇ ಶುರುವಾಗಿರುತ್ತದೆ.

"ಮೇಡಂ, ನಿನ್ನೆಯಿಂದ ಜ್ವರ ಇಲ್ಲ, ಆದರೆ ಇವತ್ತೂ ರಜೆಯಲ್ಲೇ ಇದ್ದೇನೆ. ನಾಳೆ ಡಾಕ್ಟರ್ ನೋಡುತ್ತಾರೆ. ಸೋಮವಾರದ ಬಗ್ಗೆ ಭಾನುವಾರ ಸಂಜೆ 6ಕ್ಕೆ ತಿಳಿಸುತ್ತೇನೆ. ಪೂರ್ತಿ ದಿನದ ಕೆಲಸ ಆಗಲಿಕ್ಕಿಲ್ಲ ಅಂತ ಈಗಲೇ ಹೇಳಿರುತ್ತೇನೆ."

ಕೊನೆಯ ಸಾಲು ಮುಖ್ಯ. ಅದು ಓದಿದ ಮೇಲೆ ಮ್ಯಾನೇಜರ್ ಸೋಮವಾರಕ್ಕೆ ನಿಮ್ಮ ಹೆಸರಿನಲ್ಲಿ ದೊಡ್ಡ ಕೆಲಸ ಇಡುವುದಿಲ್ಲ. ಆಮೇಲೆ ಭಾನುವಾರ ಸಂಜೆ ಪೂರ್ತಿ ಮೆಸೇಜು:

"ನಮಸ್ಕಾರ ಮೇಡಂ,

ಗುರುವಾರದಿಂದ ಜ್ವರ ಬಂದಿಲ್ಲ. ಡಾಕ್ಟರ್ ನಿನ್ನೆ ನೋಡಿ, ಮನೆಯಲ್ಲೇ ಕೂತು ಸ್ವಲ್ಪ ಹೊತ್ತು ಕೆಲಸ ಮಾಡಬಹುದು, ಓಡಾಟ ಇನ್ನೂ ಬೇಡ ಅಂದಿದ್ದಾರೆ.

ನೀವು ಒಪ್ಪಿದರೆ ಸೋಮವಾರ, ಮಂಗಳವಾರ ಮನೆಯಿಂದ ಅರ್ಧ ದಿನ ಕೆಲಸ ಮಾಡುತ್ತೇನೆ. ಬೆಳಿಗ್ಗೆ 10:30ರಿಂದ 12:30, ಸಂಜೆ 4ರಿಂದ 6. ಉಳಿದ ಅರ್ಧ ದಿನಕ್ಕೆ ಸಿಕ್ ಲೀವ್ ಹಾಕುತ್ತೇನೆ. ಬುಧವಾರ ಬ್ಲಡ್ ಟೆಸ್ಟ್, ಡಾಕ್ಟರ್ ಭೇಟಿ ಇದೆ, ಪೂರ್ತಿ ರಜೆ.

ಇನ್‌ವಾಯ್ಸ್ ಪೇಜಿನ ಟೆಸ್ಟ್ ಕೇಸ್‌ಗಳನ್ನು ಮಂಗಳವಾರ ಸಂಜೆ 6ಕ್ಕೆ ಮುಗಿಸಿ ಕೊಡುತ್ತೇನೆ. ಕಾಲ್‌ಗಳಿಗೆ ಬರಲು ಆಗುವುದಿಲ್ಲ. ಸ್ಟ್ಯಾಂಡಪ್ ಬದಲು 10:30ಕ್ಕೆ ಗ್ರೂಪಿನಲ್ಲಿ ಎರಡು ಸಾಲು ಬರೆಯುತ್ತೇನೆ.

ಗುರುವಾರ ರಾತ್ರಿಯ ರಿಲೀಸಿಗೆ ನಾನು ಇರುವುದಿಲ್ಲ. ಕಿರಣ್ ಹತ್ತಿರ ಮಾತಾಡಿದ್ದೇನೆ, ನೀವು ಹೂಂ ಅಂದರೆ ಅವರು ನೋಡಿಕೊಳ್ಳುತ್ತಾರೆ. ಚೆಕ್‌ಲಿಸ್ಟ್ ಟೀಮ್ ಫೋಲ್ಡರಿನಲ್ಲಿದೆ.

ಗುರುವಾರ, ಶುಕ್ರವಾರ ಹೇಗೆ ಅಂತ ಬುಧವಾರ ಸಂಜೆ 7ರೊಳಗೆ ತಿಳಿಸುತ್ತೇನೆ. ಮಧ್ಯೆ ಹುಷಾರು ತಪ್ಪಿದರೆ ನನ್ನ ತಮ್ಮ ನಿಮಗೆ ಫೋನ್ ಮಾಡುತ್ತಾನೆ."

ಈ ಮೆಸೇಜಿನಲ್ಲಿ ಕಾಯಿಲೆಯ ವರ್ಣನೆ ಎರಡೇ ಸಾಲು. ವಾಂತಿ ಎಷ್ಟು ಸಲ ಆಯ್ತು, ಎಷ್ಟು ಬಾಟಲ್ ಡ್ರಿಪ್ಸ್ ಹಾಕಿದರು, ಯಾವುದೂ ಇಲ್ಲ. ನೋವು ಜಾಸ್ತಿ ಬರೆದಷ್ಟೂ 'ಹಾಗಿದ್ದರೆ ಯಾಕೆ ಕೆಲಸ ಮಾಡಬೇಕು?' ಅಂತ ಅನುಮಾನ ಬರುತ್ತದೆ, ಇಲ್ಲವೇ ಕನಿಕರಕ್ಕೆ ಬರೆದ ಹಾಗೆ ಕಾಣುತ್ತದೆ. ಹೊತ್ತು ಮಾತ್ರ ಎಲ್ಲ ಕಡೆ ನಿಖರವಾಗಿದೆ. 10:30ಕ್ಕೆ ಶುರು ಅಂದಿದ್ದಕ್ಕೂ ಕಾರಣ ಇದೆ, ತಿಂಡಿ, ಮಾತ್ರೆ, ಸ್ನಾನ ಮುಗಿಸಿ ಸ್ವಲ್ಪ ಒರಗಿಕೊಳ್ಳಲು ಜಾಗ ಬೇಕು. ಮಧ್ಯೆ ಮೂರೂವರೆ ಗಂಟೆ ಬಿಟ್ಟಿದ್ದು ಊಟ ಮಾಡಿ ಮಲಗುವುದಕ್ಕೆ.

ಬುಧವಾರ ಅರ್ಧ ದಿನ ಕೆಲಸ ಅಂತ ಯಾಕೆ ಬರೆಯಲಿಲ್ಲ? ಬೆಳಿಗ್ಗೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರಬೇಕು. ಮಧ್ಯಾಹ್ನದ ಮೇಲೆ ರಿಪೋರ್ಟು. ಸಂಜೆ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂರಬೇಕು. ಮಧ್ಯದಲ್ಲಿ ಉಳಿದ ಹೊತ್ತು ಕೆಲಸಕ್ಕೆ ಸಿಗೋದು ಅಂತ ಕಾಗದದ ಮೇಲೆ ಅನಿಸುತ್ತದೆ, ಆದರೆ ಅದು ಮಲಗೋಕೆ ಸಾಲಲ್ಲ.

ಅರ್ಧ ದಿನದ ರಜೆಯನ್ನು ಪೋರ್ಟಲಿನಲ್ಲಿ ಹಾಕಿಬಿಡಿ ಅಂತ ಒತ್ತಿ ಹೇಳುತ್ತೇನೆ. 'ಸಿಸ್ಟಮಿನಲ್ಲಿ ಏನೂ ಹಾಕ್ಬೇಡ, ಆದಷ್ಟು ಮಾಡು' ಅನ್ನುವ ಒಳ್ಳೆ ಮನಸ್ಸಿನ ಮ್ಯಾನೇಜರುಗಳಿದ್ದಾರೆ. ಕೇಳೋಕೆ ಚೆನ್ನಾಗಿರುತ್ತದೆ. ಆದರೆ ರಜೆ ಹಾಕದಿದ್ದರೆ ಲೆಕ್ಕದಲ್ಲಿ ನೀವು ಪೂರ್ತಿ ದಿನ ಕೆಲಸದಲ್ಲಿದ್ದೀರಿ. ಮಧ್ಯಾಹ್ನ ಎರಡಕ್ಕೆ ಬೇರೆ ಟೀಮಿನವರು ಕರೆದರೆ ಇಲ್ಲ ಅನ್ನಲು ಬಾಯಿ ಬರಲ್ಲ. ರಮ್ಯಾಳ ಲೆಕ್ಕ ನೋಡಿ: ಮೊದಲ ವಾರ ಐದು ದಿನ, ಸೋಮವಾರ ಮಂಗಳವಾರ ಸೇರಿ ಒಂದು, ಬುಧವಾರ ಒಂದು. ಒಟ್ಟು ಏಳು. ವರ್ಷದಲ್ಲಿ ಮುಂಚೆ ಒಂದೂ ತೆಗೆದಿಲ್ಲ ಅಂದರೆ 12ರಲ್ಲಿ ಐದು ಇನ್ನೂ ಉಳಿದಿವೆ. ಉಳಿಸಿಕೊಂಡು ಏನು ಮಾಡೋದು, ಇಂಥ ದಿನಕ್ಕೇ ಇರೋದಲ್ವಾ?

ಮ್ಯಾನೇಜರಿಗೆ ಕನ್ನಡ ಬಾರದಿದ್ದರೆ ಇಂಗ್ಲಿಷಿನಲ್ಲಿ ಬರೆಯಿರಿ, ಸಾಲುಗಳ ಕ್ರಮ ಇದೇ ಇರಲಿ. ವಾಟ್ಸಾಪಿನಲ್ಲಿ ಕಳಿಸಿದರೆ ಅದನ್ನೇ ಮೇಲಿಗೂ ಹಾಕಿ, ಡಾಕ್ಟರ ಚೀಟಿ ಬೇಕು ಅಂತ ಎಚ್‌ಆರ್ ಕೇಳಿದರೆ ಮೇಲಿನ ಜೊತೆಗೇ ಸೇರಿಸಿ. ಟೀಮ್ ಗ್ರೂಪಿಗೆ ರಿಪೋರ್ಟಿನ ಫೋಟೋ ಹಾಕಬೇಡಿ. ಅಲ್ಲಿ 'ಸೋಮ, ಮಂಗಳ ಅರ್ಧ ದಿನ ಇರ್ತೀನಿ' ಅಂದರೆ ಮುಗೀತು.

ಐದನೇ ಹೆಜ್ಜೆ: ಉತ್ತರಕ್ಕೆ ಉತ್ತರ

'ಓಕೆ, ಟೇಕ್ ಕೇರ್' ಅಂತ ಬಂದರೆ ಅದಕ್ಕೆ ಒಂದು ಸಾಲು ಸೇರಿಸಿ: "ಥ್ಯಾಂಕ್ಸ್ ಮೇಡಂ, ಹಾಗಾದರೆ ರಿಲೀಸಿಗೆ ಕಿರಣ್ ಅಂತ ಇಟ್ಟುಕೊಳ್ಳುತ್ತೇನೆ." ಬರೀ ಓಕೆಯಲ್ಲಿ ಯಾವುದಕ್ಕೆ ಓಕೆ ಅಂತ ಗೊತ್ತಾಗಲ್ಲ. ಗುರುವಾರ ಸಂಜೆ 'ಅಯ್ಯೋ, ಅದು ನಾನು ಓದಲೇ ಇಲ್ಲ' ಅಂದವರಿದ್ದಾರೆ.

ಹೆಚ್ಚು ಬರುವ ಉತ್ತರ ಇನ್ನೊಂದು: 'ಪರವಾಗಿಲ್ಲಮ್ಮ, ರೆಸ್ಟ್ ಮಾಡು. ನಾಳೆ ಹನ್ನೊಂದಕ್ಕೆ ಕ್ಲೈಂಟ್ ಕಾಲ್ ಒಂದು ಬಂದ್ಬಿಡು, ಸುಮ್ನೆ ಕೇಳಿಸ್ಕೊಂಡಿದ್ರೆ ಸಾಕು.' ಸುಮ್ನೆ ಕೇಳಿಸಿಕೊಳ್ಳುವ ಕಾಲ್ ನಾನಂತೂ ಕಂಡಿಲ್ಲ. ಇಲ್ಲ ಅಂತ ನೇರವಾಗಿ ಹೇಳಲು ಕಷ್ಟವಾದರೆ ಆಯ್ಕೆಯನ್ನು ಅವರಿಗೇ ಬಿಡಿ. "ಬರುತ್ತೇನೆ ಮೇಡಂ, ಆದರೆ ಬೆಳಗಿನ ಸರದಿ ಅದಕ್ಕೇ ಹೋಗುತ್ತದೆ. ಟೆಸ್ಟ್ ಕೇಸ್ ಮಂಗಳವಾರದ ಬದಲು ಮುಂದಕ್ಕೆ ಹೋಗುತ್ತದೆ. ಯಾವುದು ಮೊದಲು ಬೇಕು?" ಇದು ಕೆಲಸದ ಪ್ರಶ್ನೆ, ಕೋಪ ಬರುವ ಮಾತಲ್ಲ. ಹತ್ತರಲ್ಲಿ ಎಂಟು ಸಲ 'ಹಾಗಿದ್ರೆ ಕಾಲ್ ಬಿಡು' ಅಂತಲೇ ಬರುತ್ತದೆ.

ಪಾಲಿಸಿ ಇಲ್ಲ, ಮನೆಯಿಂದ ಆಗಲ್ಲ, ಬಂದರೆ ಆಫೀಸಿಗೇ ಬನ್ನಿ ಅಂದರೆ ವಾದ ಬೇಡ. ಆಗ ಅದು ಪೂರ್ತಿ ರಜೆ. "ಸರಿ ಮೇಡಂ, ಹಾಗಾದರೆ ಬುಧವಾರದವರೆಗೆ ಸಿಕ್ ಲೀವ್ ಹಾಕುತ್ತೇನೆ" ಅಂತ ಬರೆದು ಮಲಗಿ.

ಆರನೇ ಹೆಜ್ಜೆ: ದಿನದ ಎರಡು ಸಾಲು, ಹಿಂದಕ್ಕೆ ಸರಿಯುವ ಒಂದು ಸಾಲು

ಸೋಮವಾರ 10:30ಕ್ಕೆ ಗ್ರೂಪಿನಲ್ಲಿ: "ಶುರು ಮಾಡಿದ್ದೇನೆ. 12:30ರವರೆಗೆ ಇರ್ತೀನಿ, ಆಮೇಲೆ 4ಕ್ಕೆ." ಸಂಜೆ 6ಕ್ಕೆ: "ಅರ್ಧ ಮುಗಿದಿದೆ, ಫೈಲ್ ಫೋಲ್ಡರಿನಲ್ಲಿದೆ. ಇನ್ನು ನಾಳೆ." ಮುಗಿಯದ ಫೈಲನ್ನೂ ದಿನಾ ಫೋಲ್ಡರಿಗೆ ಹಾಕಿ ಏಳಿ. ನಾಳೆ ಎದ್ದೇಳಲು ಆಗದಿದ್ದರೆ ಇನ್ನೊಬ್ಬರು ಅಲ್ಲಿಂದಲೇ ಹಿಡಿಯಬಹುದು. ಆರು ಗಂಟೆಗೆ ಚೆನ್ನಾಗಿದ್ದೀರಿ ಅನಿಸಿದರೂ ಏಳಿ. ಮೊದಲ ದಿನ ಎಂಟರವರೆಗೆ ಕೂತರೆ ಎರಡನೇ ದಿನ ಎಲ್ಲರೂ ಎಂಟರವರೆಗೆ ಕಾಯುತ್ತಾರೆ.

ಒಪ್ಪಿಕೊಂಡಿದ್ದು ಜಾಸ್ತಿ ಆಯ್ತು ಅಂತ ಗೊತ್ತಾಗೋದು ಹೇಗೆ? ಮಧ್ಯಾಹ್ನ ಮಲಗಿ ಎದ್ದರೂ ಬೆಳಗಿನಷ್ಟು ಹಗುರ ಇಲ್ಲ. ಮೂರು ಸಾಲಿನ ಮೇಲ್ ಬರೆಯಲು ಕಾಲು ಗಂಟೆ ಬೇಕು. ಊಟ ಬೇಡ ಅನಿಸುತ್ತದೆ. ಇವು ಕಂಡರೆ ಸಂಜೆಯ ಸರದಿ ಶುರುವಾಗುವ ಮುಂಚೆಯೇ, ಮೂರೂವರೆಗೆ, ಹೀಗೆ ಬರೆಯಿರಿ: "ಮೇಡಂ, ಸಂಜೆ ಕೂರಲು ಆಗುತ್ತಿಲ್ಲ, ಇವತ್ತಿಗೆ ಉಳಿದದ್ದಕ್ಕೂ ರಜೆ ಹಾಕುತ್ತಿದ್ದೇನೆ. ಟೆಸ್ಟ್ ಕೇಸ್ ಮಂಗಳವಾರದ ಬದಲು ಗುರುವಾರ ಸಂಜೆಗೆ ಅಂತ ಇಟ್ಟುಕೊಳ್ಳೋಣ." ಹೊಸ ದಿನ ಕೊಡುವಾಗ ಒಂದು ದಿನ ಮುಂದಕ್ಕೆ ಹಾಕಿ ಮತ್ತೆ ತಪ್ಪುವ ಬದಲು ಒಂದೇ ಸಲ ಎರಡು ದಿನ ಹಾಕಿ. ಮತ್ತೆ ಜ್ವರ ಬಂದರೆ ಇದು ಬರೆಯುವ ವಿಷಯವೇ ಅಲ್ಲ, ಡಾಕ್ಟರಿಗೆ ಫೋನ್ ಮಾಡುವ ವಿಷಯ.

ಕೊನೆಯ ಹೆಜ್ಜೆ: ಆಫೀಸಿಗೆ ಯಾವಾಗ?

ಬುಧವಾರ ಸಂಜೆಯ ಮೆಸೇಜಿಗೆ ಮ್ಯಾನೇಜರ್ ಕಾಯುತ್ತಿರುತ್ತಾರೆ. ಡಾಕ್ಟರ್ 'ಇನ್ನೇನೂ ತೊಂದರೆ ಇಲ್ಲ' ಅಂದಿದ್ದರೂ ಮನೆಯಿಂದ ಪೂರ್ತಿ ದಿನ ಕೆಲಸ ಮಾಡೋದು ಒಂದು ಮೆಟ್ಟಿಲು, ಆಫೀಸಿಗೆ ಹೋಗೋದು ಇನ್ನೊಂದು. ಎರಡನ್ನೂ ಒಂದೇ ದಿನ ಹತ್ತಬೇಡಿ. ವಿಜಯನಗರದಿಂದ ವೈಟ್‌ಫೀಲ್ಡ್ ಕಡೆಯ ಪಟ್ಟಂದೂರು ಅಗ್ರಹಾರಕ್ಕೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಸುಮಾರು ಒಂದು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಸೀಟು ಸಿಗುವ ನಂಬಿಕೆ ಇಲ್ಲ. ಹೋಗಿ ಬರೋದರಲ್ಲೇ ಒಂದು ಸರದಿಯ ಶಕ್ತಿ ಮುಗಿದಿರುತ್ತದೆ. ರಮ್ಯಾ ಬರೆದಿದ್ದು ಹೀಗೆ:

"ಮೇಡಂ, ರಿಪೋರ್ಟ್ ಚೆನ್ನಾಗಿದೆ. ಗುರುವಾರ, ಶುಕ್ರವಾರ ಮನೆಯಿಂದ ಆರು ಗಂಟೆ ಕೆಲಸ ಮಾಡಬಲ್ಲೆ, ಒಂದು ಕಾಲ್ ಇದ್ದರೂ ಬರುತ್ತೇನೆ. ರಾತ್ರಿ ರಿಲೀಸ್ ಮಾತ್ರ ಕಿರಣ್ ಹತ್ತಿರವೇ ಇರಲಿ. ಮುಂದಿನ ವಾರ ಸೋಮವಾರ, ಮಂಗಳವಾರ ಮನೆಯಿಂದ ಪೂರ್ತಿ ದಿನ. ಆಫೀಸಿಗೆ ಬುಧವಾರ ಬರುತ್ತೇನೆ, ಮೊದಲ ಎರಡು ದಿನ ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೊರಡಲು ಒಪ್ಪಿಗೆ ಬೇಕು. ಉಳಿದದ್ದನ್ನು ಮನೆಗೆ ಬಂದು ಮುಗಿಸುತ್ತೇನೆ."

ಹನ್ನೊಂದು, ನಾಲ್ಕು ಅಂದಿದ್ದು ರೈಲಿನಲ್ಲಿ ಕೂರಲು ಜಾಗ ಸಿಗಲಿ ಅಂತ. ಮ್ಯಾನೇಜರ್ ಕಾರಣ ಕೇಳಿದರೆ ಅದನ್ನೇ ಹೇಳಿ.